ನಬಾತಿ ಅಂತ ಸ್ಟಿಕ್ಕರ್ ಅಂಟಿಸಿದ್ರೆ ಮುಗೀತಾ?

(1/10)
ಖಾರಾಬಾತ್ ಅನ್ನೋ ಹೆಸರನ್ನ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡ್ಕೊಂಡು ಅರೇಬಿಕ್‌ನಲ್ಲಿ ಬರೆದ್ರೆ ಏನಾಗುತ್ತೆ ಗೊತ್ತಾ? ಅರಬ್ಬರು ಬಾಯಲ್ಲಿ ಹೇಳೋಕೂ ನಾಚ್ಕೊಳ್ಳೋ ಒಂದು ಪದ ಆಗುತ್ತೆ. ಟಾಯ್ಲೆಟ್‌ಗೆ ಸಂಬಂಧಪಟ್ಟಿದ್ದು. ಇಷ್ಟು ಹೇಳಿದ್ರೆ ಸಾಕು, ನೀವು ಬುದ್ಧಿವಂತರು.

ಈಗ ಆ ಪದಾನ ಬೆಳಗಿನ ತಿಂಡಿ ಪಟ್ಟೀಲಿ ಮೊದಲನೇ ಸಾಲಲ್ಲಿ, ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ಹಸಿರು ಚುಕ್ಕಿ ಇಟ್ಟು, ಲ್ಯಾಮಿನೇಟ್ ಮಾಡ್ಸಿ ಟೇಬಲ್ ಮೇಲಿಟ್ಟಿದೀರಿ ಅಂದ್ಕೊಳ್ಳಿ. ಬೆಂಗಳೂರಲ್ಲಿ ದೊಡ್ಡ ಆಸ್ಪತ್ರೆ ಪಕ್ಕ ಇರೋ ನಮ್ಮ ಸೋದರಮಾವನ ಹೋಟೆಲ್‌ನಲ್ಲಿ ಆಗಿದ್ದು ಅದೇ. ಅಲ್ಲಿಗೆ ಒಮಾನ್, ಯೆಮನ್, ಇರಾಕ್ ಕಡೆಯಿಂದ ಟ್ರೀಟ್‌ಮೆಂಟ್‌ಗೆ ಬಂದವರು ಊಟಕ್ಕೆ ಬರ್ತಾರೆ. ಅವರಿಗೆ ಅನುಕೂಲ ಆಗ್ಲಿ ಅಂತ ಮಾವ ಒಂದು ಪ್ರಿಂಟಿಂಗ್ ಅಂಗಡಿಗೆ ದುಡ್ಡು ಕೊಟ್ಟು ಮೆನು ಮಾಡಿಸಿದ್ರು. ಮೊದಲನೇ ಫೋಟೋ ಅದರದ್ದೇ. ಆ ಸಾಲನ್ನ ಬ್ಲರ್ ಮಾಡಿದೀನಿ, ಬೇಜಾರಾಗ್ಬೇಡಿ.

ಈ ವಾರ ಕ್ಲಾಸ್ ಗ್ರೂಪ್‌ನಲ್ಲಿ ಇದರ ಬಗ್ಗೆ ದೊಡ್ಡ ವಾದ ಆಯ್ತು. "ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ, ಇಂಗ್ಲಿಷ್ ಮೆನು ಇದ್ಯಲ್ಲ, ಅದನ್ನೇ ಅರೇಬಿಕ್ ಮಾಡಿದ್ರೆ ಆಯ್ತು" ಅಂದ್ರು ಅರ್ಧ ಜನ. "ಹೆಸರನ್ನೂ ಸೇರ್ಸಿ ಎಲ್ಲಾ ಅನುವಾದ ಮಾಡ್ಬಿಡು" ಅಂದ್ರು ಇನ್ನರ್ಧ. ಎರಡೂ ತಪ್ಪು. ಯಾಕೆ ತಪ್ಪು ಅಂತ ಹತ್ತು ಪೋಸ್ಟ್‌ನಲ್ಲಿ ಹೇಳ್ತೀನಿ. ಓದೋಕೆ ಟೈಮ್ ಇಲ್ದೇ ಇರೋರು ಎಂಟನೇದನ್ನ ಮಾತ್ರ ಓದಿ. ಆದ್ರೆ ಆಮೇಲೆ ವಾದಕ್ಕೆ ಬರಬೇಡಿ.

(2/10)
ಖಾರಾಬಾತ್‌ಗೆ ಹಿಂಗೆ ಯಾಕಾಯ್ತು ನೋಡೋಣ.

ನಮ್ಮ "ಖ" ಅಂದ್ರೆ "ಕ"ಗೆ ಸ್ವಲ್ಪ ಉಸಿರು ಸೇರಿಸಿದ್ದು. ನಿಜ ಹೇಳ್ಬೇಕಂದ್ರೆ ಆ ಉಸಿರನ್ನೂ ನಾವು ಸೇರ್ಸಲ್ಲ, ಸಪ್ಲೈಯರ್ ಕೂಗೋದು "ಒಂದ್ ಕಾರಾಬಾತ್" ಅಂತಾನೇ. ಇಂಗ್ಲಿಷ್ ಮೆನುಲಿ ಮಾತ್ರ ಅದು ಕೆ ಎಚ್ ಆಗುತ್ತೆ. ಅರೇಬಿಕ್ ಗೊತ್ತಿರೋನಿಗೆ ಕೆ ಎಚ್ ಕಂಡ ಕೂಡ್ಲೇ ನೆನಪಾಗೋದು ಖಾಲಿದ್ ಅನ್ನೋ ಹೆಸರಲ್ಲಿ ಬರೋ ಅಕ್ಷರ. ಗಂಟಲ ಹತ್ರ ಉಜ್ಜಿ ಹೇಳೋದು. ಅದು ನಮ್ಮ ಖ ಅಲ್ವೇ ಅಲ್ಲ. ಆದ್ರೆ ಟೈಪ್ ಮಾಡಿದವನ ಮುಂದೆ ಕನ್ನಡ ಮೆನು ಇರ್ಲಿಲ್ಲ. ಇಂಗ್ಲಿಷ್ ಮೆನು ಇತ್ತು. ಅವನು ಕಂಡಿದ್ದನ್ನ ಬರೆದ.

ಹಾಗಾಗಿ ಸರಿಯಾದ ಅಕ್ಷರ "ಕಾಫ್", ನಮ್ಮ ಕ. ಇದು ಕನ್ನಡದಿಂದ ನೇರ ಬರೆದಿದ್ರೆ ಯಾರಿಗಾದ್ರೂ ಹೊಳೀತಿತ್ತು.

ಅಷ್ಟಕ್ಕೇ ಮುಗೀಲಿಲ್ಲ. "ಬಾತ್" ಅಂತ ಬಿಡಿಯಾಗಿ ಬರೆದ್ರೆ ಅರೇಬಿಕ್‌ನಲ್ಲಿ "ರಾತ್ರಿ ಕಳೆದ, ತಂಗಿದ" ಅಂತ ಅರ್ಥ. ಅದೇ ಮೂಲದ "ಬಾಯಿತ್" ಅನ್ನೋ ಪದಾನ ಅವರು ತಿಂಡಿಗೆ ಬಳಸಿದ್ರೆ ಅರ್ಥ ನಿನ್ನೇದು. ನಮ್ಮ ತಂಗು, ತಂಗಳು ಇದ್ದ ಹಾಗೇನೇ! ಅಂದ್ರೆ ಬಿಸಿಬಿಸಿ ಖಾರಾಬಾತ್‌ಗೆ ನಾವು ಕೊಟ್ಟ ಬೋರ್ಡು ಏನಾಯ್ತು ಅಂತ ನೀವೇ ಕೂಡ್ಸಿ ಓದ್ಕೊಳ್ಳಿ.

ನಮ್ಮ ಕ್ಲಾಸಿನ ಯೆಮನ್ ಹುಡುಗ ಇದನ್ನ ಮೊದಲು ಓದಿದ್ದು. ಅವನು ನಗಲೂ ಇಲ್ಲ, ಮೆನು ಮಗುಚಿ ಇಟ್ಟು "ಇದನ್ನ ಎಷ್ಟು ದಿನದಿಂದ ಇಟ್ಟಿದೀರಿ?" ಅಂತ ಕೇಳ್ದ. ಮೂರು ತಿಂಗಳಿಂದ. ಗೆಸ್ಟ್‌ಗಳು ಯಾರೂ ಹೇಳ್ಲಿಲ್ವಾ ಅಂದ್ರೆ, ಯಾರು ಹೇಳ್ತಾರೆ? ಬೇರೆ ಊರಿಗೆ ಬಂದು, ಒಳಗೆ ತಂದೆಗೆ ಆಪರೇಷನ್ ಆಗಿರೋವಾಗ, ಹೋಟೆಲ್‌ನವರ ಕಾಗುಣಿತ ತಿದ್ದೋ ಪುರುಸೊತ್ತು ಯಾರಿಗಿರುತ್ತೆ. ಸುಮ್ನೆ ಇಡ್ಲಿ ಕಡೆ ಬೆರಳು ತೋರಿಸಿದಾರೆ.

ಈಗ ನಾವು "ಕಾರಾಬಾತ್" ಅಂತ ಕಾಫ್ ಹಾಕಿ, ನಡುವೆ ಜಾಗ ಬಿಡದೆ ಒಂದೇ ಪದವಾಗಿ ಬರೆದು, ಮುಂದೆ "ರವೆ, ತರಕಾರಿ, ಉಪ್ಪು ರುಚಿ" ಅಂತ ಅರೇಬಿಕ್‌ನಲ್ಲಿ ಸೇರಿಸ್ತಿದೀವಿ. ರವೆಗೆ ಅವರು "ಸಮೀದ್" ಅಂತಾರೆ, ಮನೇಲಿ ಬಳಸೋ ಪದ, ಎಲ್ಲರಿಗೂ ಗೊತ್ತು.

(3/10)
ಅರೇಬಿಕ್ ಲಿಪಿ ಬಗ್ಗೆ ಒಂದೇ ಒಂದು ವಿಷಯ ಗೊತ್ತಿದ್ರೆ ಅರ್ಧ ತಪ್ಪು ನಿಲ್ಲುತ್ತೆ. ಅದರಲ್ಲಿ ಹ್ರಸ್ವ ಸ್ವರ ಬರೆಯಲ್ಲ. ನಾವು "ರಸಂ" ಬರೆದ್ರೆ ಅವರಿಗೆ ಕಾಣೋದು ರ, ಸ, ಮ ಅಂತ ಮೂರು ವ್ಯಂಜನ ಮಾತ್ರ. ಮಧ್ಯೆ ಏನು ತುಂಬ್ಕೋಬೇಕು ಅಂತ ಓದೋನೇ ಊಹಿಸ್ತಾನೆ. ಅವನು ತನಗೆ ಗೊತ್ತಿರೋ ಪದಾನೇ ತುಂಬ್ಕೋತಾನೆ, ರಸಂ ಅವನಿಗೆ ಗೊತ್ತಿಲ್ವಲ್ಲ.

ರ-ಸ-ಮ ಅಂದ್ರೆ ಅವರಿಗೆ "ರಸ್ಮ್". ಚಿತ್ರ ಅಂತ ಒಂದು ಅರ್ಥ, ಶುಲ್ಕ ಅಂತ ಇನ್ನೊಂದು. ಹೋಟೆಲ್ ಮೆನುಲಿ, ಮುಂದೆ 30 ರೂಪಾಯಿ ಅಂತ ಇದ್ರೆ ಯಾವ ಅರ್ಥ ಬರುತ್ತೆ ಹೇಳಿ? ಸರ್ವಿಸ್ ಚಾರ್ಜ್! ಬಿಕಾಂ ಓದೋರಾದ್ರೂ ಇದಕ್ಕೆ ನಗ್ಬೇಕು. ಊಟದ ಪಟ್ಟಿ ಮಧ್ಯೆ ತಲೆಗೆ 30 ರೂಪಾಯಿ ಶುಲ್ಕ ಹಾಕಿದಾರೆ ಅಂದ್ಕೊಂಡವರು ಇದ್ದರೂ ಇರಬಹುದು.

ದಾರಿ ಸುಲಭ. ಹೊರಗಿನ ಹೆಸರು ಬರೆಯುವಾಗ ಹ್ರಸ್ವ ಇರೋ ಕಡೆನೂ ದೀರ್ಘ ಹಾಕೋದು. ರಾಸಾಮ್. ನಮ್ಮ ಕಿವಿಗೆ ಎಳೆದಂಗೆ ಕೇಳುತ್ತೆ, ಆದ್ರೆ ಅವರ ಕಣ್ಣಿಗೆ ಅದು ಶುಲ್ಕ ಅಲ್ಲ, ಯಾವುದೋ ಗೊತ್ತಿಲ್ದೇ ಇರೋ ತಿಂಡಿ ಹೆಸರು. ನಮಗೆ ಬೇಕಾಗಿರೋದು ಅಷ್ಟೇ.

ಇನ್ನೊಂದು ಪೂರಿ. ಅರೇಬಿಕ್‌ನಲ್ಲಿ ಪ ಇಲ್ಲ, ಬ ಹಾಕ್ತಾರೆ. ಪೂರಿ ಹೋಗಿ ಬೂರಿ ಆಗುತ್ತೆ. ಈಜಿಪ್ಟ್ ಕಡೆಯವರಿಗೆ ಬೂರಿ ಅಂದ್ರೆ ಒಂದು ಜಾತಿ ಮೀನು. ಶುದ್ಧ ಸಸ್ಯಾಹಾರಿ ಹೋಟೆಲ್‌ನಲ್ಲಿ ಮೀನು ಮತ್ತು ಸಾಗು, ಜೋಡಿ 70 ರೂಪಾಯಿ. ಬ ಅಕ್ಷರದ ಕೆಳಗೆ ಒಂದರ ಬದಲು ಮೂರು ಚುಕ್ಕಿ ಇಟ್ಟು ಪ ಮಾಡೋ ಪದ್ಧತಿ ಇದೆ. ಇರಾಕಿನವರಿಗೆ ಅದು ಅಭ್ಯಾಸ, ಉಳಿದವರೂ ಹೊರಗಿನ ಹೆಸರುಗಳಲ್ಲಿ ನೋಡಿರ್ತಾರೆ. ನಾವು ಮೂರು ಚುಕ್ಕಿ ಇಟ್ಟು, ಮುಂದೆ "ಎಣ್ಣೇಲಿ ಕರಿದ ಉಬ್ಬಿದ ಗೋಧಿ ರೊಟ್ಟಿ" ಅಂತ ಸೇರ್ಸಿದೀವಿ. ಚುಕ್ಕಿ ಕಾಣದವನೂ ರೊಟ್ಟಿ ಅನ್ನೋದನ್ನ ನೋಡ್ತಾನೆ.

(4/10)
"ಹೆಸರನ್ನೇ ಅನುವಾದ ಮಾಡ್ಬಿಡು" ಅಂದವರಿಗೆ ಈಗ ಉತ್ತರ. ಮಸಾಲೆ ದೋಸೆನ ಅನುವಾದ ಮಾಡಿ ನೋಡೋಣ.

ಹಳೇ ಮೆನುಲಿ ಅದು "ಬಹಾರಾತ್ ಹಾಕಿದ ದೋಸೆ" ಅಂತ ಇತ್ತು. ಬಹಾರಾತ್ ಅಂದ್ರೆ ಅವರಲ್ಲಿ ಸಾಂಬಾರ ಪದಾರ್ಥದ ಪುಡಿ. ಪದಕ್ಕೆ ಪದ ನೋಡಿದ್ರೆ ಸರಿನೇ ಇದೆ, ಮಸಾಲೆ ಅಂದ್ರೆ ಬಹಾರಾತ್ ತಾನೇ? ಆದ್ರೆ ನೀವೇ ಹೇಳಿ, ಮಸಾಲೆ ದೋಸೇಲಿ ಮಸಾಲೆ ಅಂದ್ರೆ ಏನು? ಆಲೂಗಡ್ಡೆ ಪಲ್ಯ! ಆ ಹೆಸರಲ್ಲಿ ಪುಡಿ ಮುಖ್ಯ ಅಲ್ವೇ ಅಲ್ಲ. ಓದಿದ ಗೆಸ್ಟ್‌ಗೆ ಗೊತ್ತಾಗಿದ್ದು "ಖಾರದ ಪುಡಿ ಉದುರಿಸಿದ ಏನೋ". ಆಪರೇಷನ್ ಆದವರಿಗೆ ತಗೊಂಡು ಹೋಗೋನು ಅದನ್ನ ಮುಟ್ಟಲ್ಲ. ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಆಲೂಗಡ್ಡೆ ಬೇಡ ಅಂತ ಡಾಕ್ಟರ್ ಹೇಳಿದಾರೆ. ಅವರು ಅದನ್ನೇ ಆರ್ಡರ್ ಮಾಡ್ತಾರೆ, ಯಾಕಂದ್ರೆ ಆಲೂಗಡ್ಡೆ ಅಂತ ಎಲ್ಲೂ ಬರೆದಿಲ್ಲ.

ಹೆಸರು ಹೆಸರಾಗೇ ಇರ್ಬೇಕು. ಅದಕ್ಕೆ ಹೆಮ್ಮೆ ಗಿಮ್ಮೆ ಕಾರಣ ಅಲ್ಲ. ಗೆಸ್ಟ್ ಓದಿ ಹೇಳಿದ್ದು ಸಪ್ಲೈಯರ್ ಕಿವಿಗೆ ಅರ್ಥ ಆಗ್ಬೇಕು, ಬಿಲ್‌ನಲ್ಲೂ ಅದೇ ಬರ್ಬೇಕು. ನಾಳೆ ಬೇರೆ ಹೋಟೆಲ್‌ಗೆ ಹೋದ್ರೂ ಅವನು "ದೋಸಾ" ಅಂದ್ರೆ ದೋಸೆ ಸಿಗ್ಬೇಕು. "ಗರಿಗರಿ ತೆಳು ರೊಟ್ಟಿ" ಅಂತ ಮಾತ್ರ ಬರೆದ್ರೆ ಅವನು ಆ ಮೂರು ಪದಾನ ಅರೇಬಿಕ್‌ನಲ್ಲಿ ಕೂಗ್ತಾನೆ, ನಮ್ಮ ಹಾಸನದ ಹುಡುಗ ತಲೆ ಕೆರ್ಕೋತಾನೆ.

ನಾವು ಮಾಡ್ಕೊಂಡ ಸಾಲು ಹಿಂಗಿದೆ. ಮೊದಲು ಹೆಸರು: "ದೂಸಾ ಮಾಸಾಲಾ" (ಅರೇಬಿಕ್‌ನಲ್ಲಿ ಓ ಇಲ್ಲ, ಊ ಬರೆದು ಓ ಅಂತ ಓದ್ಕೋತಾರೆ). ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ರುಕಾಕ್ ಮುಕರ್ಮಿಶ್ ಮಿನ್ ಅಲ್ ಅರುಜ್ಜ್ ವಲ್ ಅದಸ್, ಮಹ್ಶುವ್ ಬಿಲ್ ಬತಾತಿಸ್". ಅಕ್ಕಿ ಮತ್ತೆ ಬೇಳೆಯ ಗರಿಗರಿ ತೆಳು ರೊಟ್ಟಿ, ಒಳಗೆ ಆಲೂಗಡ್ಡೆ. ರುಕಾಕ್ ಅಂದ್ರೆ ಗಲ್ಫ್ ಕಡೆ ಕಾವಲಿ ಮೇಲೆ ಹರಡಿ ಮಾಡೋ ಪೇಪರ್‌ನಂಥ ರೊಟ್ಟಿ, ದೋಸೆ ತಮ್ಮ ಅನ್ನಬಹುದು. ಸೆಟ್ ದೋಸೆಗೆ ಮಾತ್ರ ಯೆಮನ್ ಹುಡುಗ ಹಠ ಮಾಡಿ "ಲಹೂಹ್ ಥರ" ಅಂತ ಬರೆಸಿದ. ಅವರ ಲಹೂಹ್ ಕೂಡ ಹುಳಿ ಬರಿಸಿ ಮಾಡೋ, ತೂತುತೂತಾಗಿ ಮೆತ್ತಗಿರೋ ದೋಸೆ. "ಥರ" ಅನ್ನೋದು ಮುಖ್ಯ. ಹೆಸರಿನ ಜಾಗದಲ್ಲಿ ಲಹೂಹ್ ಅಂತಾನೇ ಹಾಕಿದ್ರೆ ತಟ್ಟೆ ಬಂದಾಗ ಜಗಳ.

(5/10)
ಖಾರದ ವಿಷಯಕ್ಕೆ ಬರೋಣ. ಇಲ್ಲಿ ಇಂಗ್ಲಿಷ್ ದಾರಿ ಹಿಡಿದವರಿಗೆ ಸರಿಯಾಗಿ ಬೈಬೇಕು.

ಕನ್ನಡದಲ್ಲಿ ಬಿಸಿ ಬೇರೆ, ಖಾರ ಬೇರೆ. ಮಗೂಗೂ ಗೊತ್ತು. ಇಂಗ್ಲಿಷ್‌ನಲ್ಲಿ ಎರಡಕ್ಕೂ "ಹಾಟ್". ಅರೇಬಿಕ್‌ನಲ್ಲೂ "ಹಾರ್ರ್" ಅನ್ನೋ ಒಂದೇ ಪದ ಬಿಸಿಲಿಗೂ ಸಲ್ಲುತ್ತೆ, ಮೆಣಸಿನಕಾಯಿಗೂ ಸಲ್ಲುತ್ತೆ. ಆದ್ರೆ ತಿಂಡಿ ಪಟ್ಟೀಲಿ ಹಾರ್ರ್ ಅಂತ ಕಂಡ್ರೆ ಅವರು ಖಾರ ಅಂತಾನೇ ಓದೋದು. ಬಿಸಿಯಾದ ತಿಂಡಿಗೆ "ಸಾಖಿನ್" ಅನ್ನೋ ಬೇರೆ ಪದ ಇದೆ.

ಹಳೇ ಮೆನುಲಿ ಬಿಸಿ ನೀರು, ಬಿಸಿ ಹಾಲು, ಬಾದಾಮಿ ಹಾಲು ಬಿಸಿ, ಎಲ್ಲದಕ್ಕೂ "ಹಾರ್ರ್". ಕನ್ನಡ "ಬಿಸಿ" ಇಂಗ್ಲಿಷ್ "ಹಾಟ್" ಆಯ್ತು, ಆ "ಹಾಟ್" ಹೋಗಿ ಹಾರ್ರ್ ಆಯ್ತು. ಅದೇ ಮೆನುಲಿ ಮೆಣಸಿನಕಾಯಿ ಬಜ್ಜಿಗೂ ಹಾರ್ರ್. ಖಾರದ ಹಾಲು ಮಾರೋ ಹೋಟೆಲ್ ನಮ್ಮದು! ಹಾಲು ಅಂದ್ರೆ ಓದೋನು ಹೇಗೋ ಊಹಿಸ್ತಾನೆ ಬಿಡಿ. ಆದ್ರೆ ಸಾರು, ಸೂಪು, ಪೊಂಗಲ್? ಅಲ್ಲಿ ಊಹಿಸೋಕೆ ಆಗಲ್ಲ. "ಬಿಸಿ ಪೊಂಗಲ್" ಅಂತ ನಾವು ಬರೆದಿದ್ದು ಅವರಿಗೆ "ಖಾರದ ಪೊಂಗಲ್" ಆಗಿದೆ. ಹೊಟ್ಟೆ ಆಪರೇಷನ್ ಆದವರಿಗೆ ಇಡೀ ಮೆನುಲಿ ಸರಿಹೋಗೋ ಎರಡು ಮೂರು ತಿಂಡೀಲಿ ಅದೂ ಒಂದು, ಅದಕ್ಕೇ ನಾವು ಬೆಂಕಿ ಚಿತ್ರ ಹಾಕಿದೀವಿ.

ಈಗ ಬಿಸಿ ಇರೋ ಕಡೆ ಎಲ್ಲಾ ಸಾಖಿನ್, ಖಾರ ಇರೋ ಕಡೆ ಮಾತ್ರ ಹಾರ್ರ್. ಖಾರ ಇಲ್ದೇ ಇರೋದಕ್ಕೆ "ಗೈರ್ ಹಾರ್ರ್" ಅಂತ ಬಾಯ್ಬಿಟ್ಟು ಬರೀತೀವಿ. ಸುಮ್ನೆ ಏನೂ ಬರೀದೇ ಬಿಟ್ರೆ ಇಂಡಿಯನ್ ಅಡುಗೆ ಅಂದ್ರೇನೇ ಖಾರ ಅಂತ ನಂಬಿರೋರು ಹೆದರ್ತಾರೆ.

ಬಿಸಿಬೇಳೆಬಾತ್ ಏನು ಮಾಡೋದು ಅಂತ ಕೇಳ್ಬೇಡಿ. ಅದು ಹೆಸರು, ಅದನ್ನ ಒಡೆಯಲ್ಲ. ಅದೃಷ್ಟಕ್ಕೆ ಅದು ಎರಡೂ ಹೌದು.

(6/10)
ಮೆಣಸು. ಇದು ನಂಗೆ ತುಂಬಾ ಇಷ್ಟ ಆದ ಭಾಗ.

ಮೆಣಸಿನಕಾಯಿ ನಮ್ಮೂರಿಗೆ ಬಂದಿದ್ದೇ ಪೋರ್ಚುಗೀಸರು ಬಂದ ಮೇಲೆ. ಅದಕ್ಕೂ ಮುಂಚೆ ಖಾರ ಅಂದ್ರೆ ಕಾಳುಮೆಣಸು. ಹೊಸ ಕಾಯಿಗೆ ಹಳೇ ಕಾಳಿನ ಹೆಸರನ್ನೇ ಕೊಟ್ಟು ಮೆಣಸಿನ "ಕಾಯಿ" ಅಂದ್ವಿ. ಅರಬ್ಬರೂ ಅದೇ ಕೆಲಸ ಮಾಡಿದಾರೆ! "ಫಿಲ್‌ಫಿಲ್" ಅಂದ್ರೆ ಮೊದಲು ಕಾಳುಮೆಣಸು, ಆಮೇಲೆ ಮೆಣಸಿನಕಾಯಿಗೂ ಅದೇ, ದೊಣ್ಣೆ ಮೆಣಸಿನಕಾಯಿಗೂ ಅದೇ. ಎರಡೂ ಕಡೆ ಒಂದೇ ಗೊಂದಲ, ಹಾಗಾಗಿ ಎರಡೂ ಕಡೆ ಗುಣವಾಚಕ ಬೇಕೇ ಬೇಕು.

ಕಾಳುಮೆಣಸಾದ್ರೆ "ಫಿಲ್‌ಫಿಲ್ ಅಸ್ವದ್", ಕಪ್ಪು ಮೆಣಸು. ಮೆಣಸಿನಕಾಯಿ ಆದ್ರೆ "ಫಿಲ್‌ಫಿಲ್ ಹಾರ್ರ್". ದೊಣ್ಣೆ ಮೆಣಸಿನಕಾಯಿಗೆ "ಫಿಲ್‌ಫಿಲ್ ಹುಲ್ವ್", ಸಿಹಿ ಮೆಣಸು. ಗಲ್ಫ್ ಕಡೆ ಕೆಲವರು ಅದನ್ನೇ "ತಣ್ಣನೆ ಮೆಣಸು" ಅಂತಾರಂತೆ, ಎಷ್ಟು ಚೆಂದ ಅಲ್ವಾ. ಒಂದೊಂದು ದೇಶದಲ್ಲಿ ಮೆಣಸಿನಕಾಯಿಗೆ ಒಂದೊಂದು ಮನೆಮಾತು. ಯೆಮನ್‌ನಲ್ಲಿ ಬಿಸ್ಬಾಸ್, ಈಜಿಪ್ಟ್‌ನಲ್ಲಿ ಶತ್ತ. ಮೆನುಲಿ ಈ ಮನೆಮಾತು ಹಾಕಿದ್ರೆ ಒಬ್ಬರಿಗೆ ಖುಷಿ, ಉಳಿದವರಿಗೆ ಒಗಟು.

ನಮ್ಮ ಮೆನುಲಿ ಇದರಿಂದ ಏನು ಬದಲಾಯ್ತು ಅಂದ್ರೆ, "ಮೆಣಸಿನ ಸಾರು" ಮೊದಲು ಬರೀ "ಫಿಲ್‌ಫಿಲ್ ಶೋರ್ಬ" ಅಂತಿತ್ತು. ಮೆಣಸಿನಕಾಯಿ ಅರೆದು ಮಾಡಿದ ಸೂಪ್ ಅಂತ ಓದಿ ಎಲ್ರೂ ದೂರ. ಈಗ "ಅಸ್ವದ್" ಸೇರಿದೆ. ಕ್ಯಾಪ್ಸಿಕಂ ಬಾತ್‌ಗೆ "ಹುಲ್ವ್" ಸೇರಿದೆ.

ಒಬ್ರು ಕೇಳಿದ್ರು, ಖಾರಕ್ಕೆ ಮೆಣಸಿನಕಾಯಿ ಚಿತ್ರ ಹಾಕಿ, ಒಂದು ಎರಡು ಮೂರು ಅಂತ, ಭಾಷೆನೇ ಬೇಡ ಅಂತ. ಹಾಕಿ, ಬೇಡ ಅನ್ನಲ್ಲ. ಆದ್ರೆ ಯಾರ ನಾಲಿಗೆಯ ಮೂರು? ನಮ್ಮ ಮಾವನ ಪ್ರಕಾರ ಚಿತ್ರಾನ್ನಕ್ಕೆ ಖಾರಾನೇ ಇಲ್ಲ. ಅದರಲ್ಲಿರೋ ಹಸಿಮೆಣಸಿನಕಾಯಿ ತುಂಡು ಕಚ್ಚಿದ ಒಮಾನ್‌ನ ಅಜ್ಜನ ಪ್ರಕಾರ ಬೇರೆ. ಅದಕ್ಕೆ ಚಿತ್ರದ ಜೊತೆ "ಹಸಿಮೆಣಸಿನಕಾಯಿ ತುಂಡು ಇರುತ್ತೆ, ತೆಗೆದಿಟ್ಟು ತಿನ್ನಿ" ಅಂತ ಒಂದು ಸಾಲು. ಪಕ್ಕಕ್ಕೆ ಎತ್ತಿಡಬಹುದು ಅನ್ನೋದು ಯಾವ ಚಿತ್ರದಲ್ಲೂ ಬರಲ್ಲ.

(7/10)
ಈಗ ವೆಜ್. ಟೈಟಲ್‌ನಲ್ಲಿರೋ "ನಬಾತಿ" ಇದೇ. ನಬಾತ್ ಅಂದ್ರೆ ಗಿಡ, ನಬಾತಿ ಅಂದ್ರೆ ಸಸ್ಯದ್ದು, ಸಸ್ಯಾಹಾರಿ. ಪದ ಸರಿ. ಸಮಸ್ಯೆ ಇರೋದು, ಅದರ ಬೇಲಿ ನಮ್ಮ ಬೇಲಿ ಜಾಗದಲ್ಲಿಲ್ಲ.

ನಮಗೆ ವೆಜ್ ಅಂದ್ರೆ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಆದ್ರೆ ಹಾಲು ಮೊಸರು ತುಪ್ಪ ಇದೆ. ಇದನ್ನ ನಾವು ಹುಟ್ಟಿದಾಗಿಂದ ನೋಡಿರೋದ್ರಿಂದ ಜಗತ್ತಿಗೆಲ್ಲಾ ಹಂಗೇ ಅಂದ್ಕೊಂಡಿದೀವಿ. ನಬಾತಿ ಅಂತ ಓದಿದ ಒಬ್ಬನಿಗೆ ಮೊಟ್ಟೆ ಇರಬಹುದು ಅನ್ಸುತ್ತೆ. ಇನ್ನೊಬ್ಬನಿಗೆ ಹಾಲೂ ಇಲ್ಲ ಅನ್ಸುತ್ತೆ. ಹಸಿರು ಚೌಕದೊಳಗಿನ ಹಸಿರು ಚುಕ್ಕಿ ನಮ್ಮ ದೇಶದ ಗುರುತು, ಅಲ್ಲಿಂದ ಬಂದವರಿಗೆ ಅದು ಬರೀ ಡಿಸೈನ್.

ಸರಿ, "ಮಾಂಸ ಇಲ್ಲ" ಅಂತ ಬರೆಯೋಣ ಅಂದ್ರೆ ಇನ್ನೊಂದು ತೊಡಕು. "ಲಹ್ಮ್" ಅಂದ್ರೆ ಮಾಂಸ, ಆದ್ರೆ ಮಾತಲ್ಲಿ ಅದು ಕುರಿ, ದನ, ಒಂಟೆ ಮಾಂಸ. ಕೋಳಿಗೆ ಬೇರೆ ಹೆಸರು, ಮೀನಿಗೆ ಬೇರೆ. ಲಹ್ಮ್ ಇಲ್ಲ ಅಂದ್ರೆ ಕೋಳಿ ಇರಬಹುದಲ್ವಾ? ಒಬ್ಬರು ನಿಜವಾಗ್ಲೂ ಮಾವನ್ನ ಕೇಳಿದಾರೆ, ಲಹ್ಮ್ ಇಲ್ಲ ಅಂತ ಓದಿದೆ, ಕೋಳಿ ಎಲ್ಲಿ ಅಂತ. ಪಾಪ, ಅವರದ್ದೇನು ತಪ್ಪು.

ಅದಕ್ಕೆ ಮೆನು ತಲೆ ಮೇಲೆ, ಒಂದೇ ಸಲ, ಎಣಿಸಿ ಬರೀಬೇಕು. "ಮತ್‌ಅಮ್ ನಬಾತಿ. ಲಾ ಲಹ್ಮ್, ಲಾ ದಜಾಜ್, ಲಾ ಸಮಕ್, ಲಾ ಬೈದ್." ಸಸ್ಯಾಹಾರಿ ಹೋಟೆಲ್. ಮಾಂಸ ಇಲ್ಲ, ಕೋಳಿ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಹಾಲು, ಮೊಸರು, ಬೆಣ್ಣೆ, ತುಪ್ಪ ಬಳಸ್ತೀವಿ. ಎರಡು ಸಾಲು ಜಾಸ್ತಿ ಆಯ್ತು ಅಂತ ಪ್ರಿಂಟಿಂಗ್‌ನವರು ಮೂಗು ಮುರಿದ್ರು. ಮುರೀಲಿ.

(8/10)
ಹಳೇ ಮೆನುಲಿ ಅತಿ ದೊಡ್ಡ ಅನ್ಯಾಯ ಇದು. ಖಾರಾಬಾತ್‌ಗಿಂತ ದೊಡ್ಡದು, ಯಾಕಂದ್ರೆ ಅದಕ್ಕೆ ನಗ್ತಾರೆ, ಇದನ್ನ ನಂಬ್ತಾರೆ.

ತಲೆ ಮೇಲೆ ಒಂದೇ ಸಲ ಬರೆಯೋ ಬದಲು ಅಂಗಡಿಯವನು ಪ್ರತಿ ಐಟಮ್ ಮುಂದೆನೂ "ನಬಾತಿ" ಅಂತ ಅಂಟಿಸಿದ್ದ. ಇಡ್ಲಿ ನಬಾತಿ, ವಡೆ ನಬಾತಿ. ಸರಿ. ಬೆಣ್ಣೆ ದೋಸೆ ಹತ್ರ ಬಂದಾಗ, ಬೆಣ್ಣೆಗೆ "ಜುಬ್ದ", ಮುಂದೆ ನಬಾತಿ. ತುಪ್ಪದ ದೋಸೆ ಹತ್ರ ಬಂದಾಗ, ತುಪ್ಪಕ್ಕೆ "ಸಮನ್", ಮುಂದೆ ನಬಾತಿ.

"ಸಮನ್ ನಬಾತಿ" ಅನ್ನೋದು ಅರಬ್ ದೇಶದ ಯಾವ ಕಿರಾಣಿ ಅಂಗಡೀಲಿ ಹೋದ್ರೂ ಡಬ್ಬಿ ಮೇಲೆ ಬರೆದಿರುತ್ತೆ. ಅರ್ಥ ವನಸ್ಪತಿ. ಸಸ್ಯದ ಎಣ್ಣೆ ಗಟ್ಟಿ ಮಾಡಿದ್ದು. "ಜುಬ್ದ ನಬಾತಿಯ್ಯ" ಅಂದ್ರೆ ಮಾರ್ಗರೀನ್. ಮೂರು ತಿಂಗಳು ನಮ್ಮ ಮಾವ ಅವರ ಹತ್ರ 95 ರೂಪಾಯಿ ಇಸ್ಕೊಂಡು, ಹಸುವಿನ ತುಪ್ಪ ಸುರಿದು, "ವನಸ್ಪತಿ ದೋಸೆ" ಅಂತ ತಾವೇ ಬೋರ್ಡ್ ಹಾಕ್ಕೊಂಡು ಮಾರಿದಾರೆ!

ಇದನ್ನ ಹೇಳಿದಾಗ ಮಾವನ ಮುಖ ನೋಡ್ಬೇಕಿತ್ತು. "ನಾನು ವನಸ್ಪತಿ ಹಾಕ್ತೀನೇನೇ ಪುಟ್ಟಿ? ಇಪ್ಪತ್ತೆರಡು ವರ್ಷದಿಂದ ಒಂದು ಡಬ್ಬಿ ಒಳಗೆ ಬಂದಿದ್ಯಾ?" ಅಂತ. ಬಂದಿಲ್ಲ ಮಾವ. ಆದ್ರೆ ಬರೆದಿದೆ.

ಇದರಲ್ಲಿ ಬರೀ ಮರ್ಯಾದೆ ಪ್ರಶ್ನೆ ಇಲ್ಲ. ಪಕ್ಕದಲ್ಲಿರೋದು ಆಸ್ಪತ್ರೆ. ಹಾರ್ಟ್ ಪೇಷೆಂಟ್‌ಗೆ ತುಪ್ಪ ಬೆಣ್ಣೆ ಕೊಡಬೇಡಿ ಅಂದಿರ್ತಾರೆ. ಸಮನ್ ನಬಾತಿ ಅಂತ ಓದಿ, ಇದು ತುಪ್ಪ ಅಲ್ಲ ಅಂದ್ಕೊಂಡು ಕಟ್ಟಿಸ್ಕೊಂಡು ಹೋದವರು ಇರಬಹುದು. ಹಾಲು ಆಗದೇ ಇರೋರಿಗೂ ಅದೇ ಕಥೆ. ಇನ್ನೊಂದು ಕಡೆ, ವನಸ್ಪತಿ ಅಂತಲೇ ಬಿಟ್ಟು ಹೋದವರು. ಎರಡೂ ಕಡೆಯಿಂದ ಏಟು. ಲೇಬಲ್ ಇಲ್ದೇ ಇದ್ದಿದ್ರೆ ಅವರು ಕೇಳ್ತಿದ್ರು. ಇದ್ದಿದ್ದಕ್ಕೆ ಕೇಳ್ಲಿಲ್ಲ.

ಈಗ ನಬಾತಿ ಅನ್ನೋ ಪದ ಇಡೀ ಮೆನುಲಿ ಒಂದೇ ಕಡೆ, ತಲೆ ಮೇಲೆ. ತುಪ್ಪದ ದೋಸೆ ಮುಂದೆ "ಸಮನ್ ಬಕರೀ". ಹಿಂದಿ ಗೊತ್ತಿರೋರು ಮೇಕೆ ಅಂತ ಗಾಬರಿ ಆಗ್ಬೇಡಿ, ಅರೇಬಿಕ್‌ನಲ್ಲಿ ಬಕರ್ ಅಂದ್ರೆ ಹಸು. ಬೆಣ್ಣೆಗೆ "ಜುಬ್ದ ತಬೀಇಯ್ಯ", ನಿಜವಾದ ಬೆಣ್ಣೆ. ಸಾದಾ ದೋಸೆಗೆ "ಎಣ್ಣೇಲಿ ಮಾಡಿದ್ದು". ಮಾವ ಈ ಪುಟ ಮಾತ್ರ ಎರಡು ಸಲ ಓದಿಸ್ಕೊಂಡ್ರು.

"ಅದೆಲ್ಲಾ ಬಿಡು, ಹಲಾಲ್ ಅಂತ ಹಾಕು, ಅವರಿಗೆ ಅಷ್ಟೇ ಬೇಕಿರೋದು" ಅಂದ ಮಹಾನುಭಾವರಿಗೆ ಒಂದು ಮಾತು. ಹಲಾಲ್ ಅನ್ನೋದು ವೆಜ್‌ನ ಅನುವಾದ ಅಲ್ಲ. ಅದು ಅವರ ಧರ್ಮದ ಲೆಕ್ಕ, ನಮಗೆ ಗೊತ್ತಿರೋದು ತಟ್ಟೇಲಿ ಏನಿದೆ ಅನ್ನೋದು. ಏನಿದೆ ಏನಿಲ್ಲ ಅಂತ ಸರಿಯಾಗಿ ಬರೆದ್ರೆ ಉಳಿದಿದ್ದನ್ನ ಅವರೇ ನಿರ್ಧಾರ ಮಾಡ್ತಾರೆ.

(9/10)
ಪ್ರಿಂಟ್‌ಗೆ ಹೋಗೋ ಮುಂಚೆ ಅರೇಬಿಕ್ ಬಾರದೇ ಇರೋರೂ ಮಾಡಬಹುದಾದ ಒಂದು ಚೆಕ್ ಇದೆ.

ಅರೇಬಿಕ್ ಅಕ್ಷರ ಒಂದಕ್ಕೊಂದು ಕೈ ಹಿಡ್ಕೊಂಡು ನಿಲ್ಲುತ್ತೆ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಬೇಕಾದ ಸೆಟ್ಟಿಂಗ್ ಇಲ್ದೇ ಪೇಸ್ಟ್ ಮಾಡಿದ್ರೆ ಎಲ್ಲಾ ಬಿಡಿಬಿಡಿ ಆಗಿ, ಎಷ್ಟೋ ಸಲ ಹಿಂದುಮುಂದೂ ಆಗುತ್ತೆ. ಟೈಪ್ ಮಾಡಿದ್ದು ಸರಿ ಇದ್ರೂ ಪ್ರಿಂಟ್ ಹಾಳು. "ನಬಾತಿ"ನೇ ತಗೊಳ್ಳಿ. ಐದು ಅಕ್ಷರ, ಬಲದಿಂದ ಎಡಕ್ಕೆ. ಮೊದಲ ಮೂರು ಒಂದು ತುಂಡು, ಕೊನೇಲಿ ನೆಟ್ಟಗೆ ಒಂದು ಕಡ್ಡಿ. ಆ ಕಡ್ಡಿ, ಅಂದ್ರೆ ಅಲಿಫ್, ತನ್ನ ಎಡಗಡೆಯವರ ಕೈ ಹಿಡಿಯಲ್ಲ. ಉಳಿದ ಎರಡು ಸೇರಿ ಇನ್ನೊಂದು ತುಂಡು. ಒಟ್ಟು ಎರಡು ತುಂಡು ಕಾಣ್ಬೇಕು. ಐದು ಕಂಡ್ರೆ ವಾಪಸ್ ಕೊಡಿ. ಚುಕ್ಕಿನೂ ಎಣಿಸಿ: ಬಲಗಡೆ ತುಂಡಿಗೆ ಮೇಲೊಂದು ಕೆಳಗೊಂದು, ಎಡಗಡೆ ತುಂಡಿಗೆ ಮೇಲೆರಡು ಕೆಳಗೆರಡು. ಲ್ಯಾಮಿನೇಟ್ ಮಾಡೋ ಮುಂಚೆ ಎಣಿಸಿ, ಆಮೇಲೆ ಅಲ್ಲ.

ಬೆಲೆಗೆ ಅವರ ಅಂಕಿ ಬೇಡ. ಅವರ 5 ನೋಡೋಕೆ ನಮ್ಮ ಸೊನ್ನೆ ಥರ ಗುಂಡಗಿರುತ್ತೆ, ಅವರ ಸೊನ್ನೆ ಬರೀ ಒಂದು ಚುಕ್ಕಿ. 55 ರೂಪಾಯಿ ನಮ್ಮ ಕ್ಯಾಷಿಯರ್‌ಗೆ ಎರಡು ಸೊನ್ನೆ. ಈ ನಮ್ಮ ಮಾಮೂಲಿ 1 2 3 ಅವರೂ ಓದ್ತಾರೆ, ಎರಡೂ ಕಡೆಯವರಿಗೆ ಒಂದೇ ಅಂಕಿ ಇರ್ಲಿ.

ಮತ್ತೆ ದಯವಿಟ್ಟು ಅರೇಬಿಕ್‌ಗೆ ಬೇರೆ ಮೆನು ಮಾಡ್ಬೇಡಿ. ಒಂದೇ ಸಾಲಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಅರೇಬಿಕ್, ಮಧ್ಯೆ ಬೆಲೆ. ಗೆಸ್ಟ್ ಬಲಗಡೆ ಬೆರಳಿಟ್ರೆ ಸಪ್ಲೈಯರ್ ಎಡಗಡೆ ಓದ್ತಾನೆ. ಕನ್ನಡ ಓದೋಕೆ ಬಾರದ ಸಪ್ಲೈಯರ್‌ಗೆ ಅಂತ ಐಟಮ್ ನಂಬರ್.

(10/10)
ಕೊನೇದು. ಇಷ್ಟೆಲ್ಲಾ ಮಾಡಿ ಒಬ್ಬನ ಹತ್ರ ಓದಿಸಿ ಬಿಟ್ರೆ ಸಾಲದು, ಎರಡು ದೇಶದವರು ಓದ್ಬೇಕು.

ಮೊಸರನ್ನ "ಲಬನ್ ಹಾಕಿದ ಅನ್ನ" ಅಂತಿತ್ತು. ಲಬನ್ ಅಂದ್ರೆ ಗಲ್ಫ್ ಕಡೆ ಮಜ್ಜಿಗೆ, ಇರಾಕ್‌ನಲ್ಲಿ ಮೊಸರು, ಈಜಿಪ್ಟ್‌ನಲ್ಲಿ ಹಾಲು. ಈಜಿಪ್ಟ್‌ನವರಿಗೆ "ಅನ್ನ ಲಬನ್" ಅಂದ್ರೆ ಸಕ್ಕರೆ ಹಾಕಿದ ಪಾಯಸ! ಊಟ ಮುಗಿಸಿ ಸಿಹಿ ಅಂತ ಹೇಳಿದವರ ಮುಂದೆ ಸಾಸಿವೆ, ಕರಿಬೇವಿನ ಒಗ್ಗರಣೆ ಹಾಕಿದ ಮೊಸರನ್ನ ಬಂದು ಕೂತ್ಕೊಳ್ಳುತ್ತೆ. ಯೆಮನ್ ಹುಡುಗನಿಗೆ ಇದು ಹೊಳೀಲೇ ಇಲ್ಲ, ಅವನಿಗೆ ಲಬನ್ ಸರಿ ಅನ್ಸಿತ್ತು. ಊಟಕ್ಕೆ ಬರೋ ಇರಾಕ್‌ನ ಮೇಷ್ಟ್ರು ಒಬ್ಬರು ಹೇಳಿದ್ದು. ಈಗ "ಜಬಾದಿ" ಅಂತ ಹಾಕಿ, "ಉಪ್ಪು, ತಣ್ಣಗೆ" ಅಂತ ಸೇರ್ಸಿದೀವಿ.

ಒಟ್ಟು 46 ಐಟಮ್, ಮೂರು ಭಾನುವಾರ ಹಿಡೀತು. ಮೂರು ಸಾಲು ಇನ್ನೂ ಬಾಕಿ ಇದೆ. ಅದರಲ್ಲಿ ಕೇಸರಿಬಾತ್‌ಗೆ ಜಗಳ ನಡೀತಾನೇ ಇದೆ. ಹೆಸರು ಕೂಡ್ಸಿ ಬರೆದಾಯ್ತು, "ಸಿಹಿ ರವೆ, ಹಸುವಿನ ತುಪ್ಪ, ಗೋಡಂಬಿ" ಅಂತ ವಿವರಣೆನೂ ಆಯ್ತು. ಮಾವ "ಜಅಫರಾನ್" ಅಂತ ಸೇರ್ಸು ಅಂತಾರೆ, ಅಂದ್ರೆ ಕೇಸರಿ. ಕೇಸರಿಬಾತ್‌ನಲ್ಲಿ ಕೇಸರಿ ಇರ್ಬೇಕಲ್ವಾ ಅಂತ ಅವರ ವಾದ.

ಕನ್ನಡದಲ್ಲಿ ಕೇಸರಿ ಅಂದ್ರೆ ಬಣ್ಣನೂ ಹೌದು, ದಳನೂ ಹೌದು, ನಾವು ಅದರ ಮರೆಯಲ್ಲಿ ಬದುಕಿದೀವಿ. ಅರೇಬಿಕ್‌ನಲ್ಲಿ ಜಅಫರಾನ್ ಅಂದ್ರೆ ದಳ ಮಾತ್ರ, ಅದರ ರೇಟ್ ಏನು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. 40 ರೂಪಾಯಿ ಪ್ಲೇಟ್‌ಗೆ ಜಅಫರಾನ್ ಅಂತ ಬರೆದ್ರೆ ಮೊದಲನೇ ಚಮಚದಲ್ಲೇ ಸಿಕ್ಕಿಬೀಳ್ತೀವಿ ಮಾವ ಅಂದೆ. "ಹಂಗಾದ್ರೆ ಏನ್ ಬರೀತೀಯ?" ಅಂದ್ರು.

"ಬಣ್ಣ ಹಾಕಿದ್ದು" ಅಂತ.

ಮಾತಾಡ್ಸಿ ಎರಡು ದಿನ ಆಯ್ತು.

#ಮೆನುಜಗಳ #ಕನ್ನಡದಿಂದಅರೇಬಿಕ್ #ಖಾರಾಬಾತ್